ಬಾರದ ತೆಂಗಿನಕಾಯಿಯ ಫೋಟೋ

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಭಾವ ಬರುವವರಿದ್ದರು. ತಿಂಡಿಗೆ ನೀರ್ದೋಸೆ, ಜೋನಿ ಬೆಲ್ಲ, ಕಾಯಿತುರಿ. ಮಧ್ಯಾಹ್ನಕ್ಕೆ ಸಾಂಬಾರ್ ಸೌತೆಯ ಹುಳಿ. ಜುಲೈ ಮಳೆಯಲ್ಲಿ ಸಂತೆಗೆ ಹೋಗೋದು ಯಾರು ಅಂತ ಶನಿವಾರ ಸಂಜೆ ಭದ್ರಾವತಿ ಬಸ್ಸಿನಲ್ಲಿ ಕೂತೇ ಮೊಬೈಲಿನಲ್ಲಿ ಎಲ್ಲ ಆರ್ಡರ್ ಮಾಡಿದೆ. ಬೆಳಿಗ್ಗೆ 7ರಿಂದ 8ರೊಳಗೆ ಮನೆ ಬಾಗಿಲಿಗೆ ಅಂತ ಬರೆದಿತ್ತು. ಹೆಂಡತಿಯ ಹತ್ತಿರ ಸ್ವಲ್ಪ ಜಂಬವನ್ನೂ ಕೊಚ್ಚಿದೆ.

8 ಗಂಟೆ 2 ನಿಮಿಷಕ್ಕೆ ಮೊಬೈಲ್ ಟಣ್ ಅಂದಿತು. ‘ನಿಮ್ಮ ಸಾಮಾನು ತಲುಪಿದೆ.’ ಬಾಗಿಲು ತೆಗೆದು ನೋಡಿದರೆ ಎದುರು ಮನೆಯ ನಾಯಿ ಬಿಟ್ಟರೆ ಯಾರೂ ಇಲ್ಲ. ಹೊತ್ತು ಮೀರಿದರೆ ಹುಡುಗರ ಲೆಕ್ಕಕ್ಕೆ ಕಪ್ಪು ಚುಕ್ಕೆ ಬೀಳುತ್ತದಂತೆ. ಅದಕ್ಕೆ ಮೊದಲೇ ‘ತಲುಪಿದೆ’ ಒತ್ತಿ, ಆಮೇಲೆ ನಿಧಾನವಾಗಿ ತಲುಪಿಸುತ್ತಾರೆ. ಹತ್ತು ನಿಮಿಷದ ಮೇಲೆ ಫೋನ್ ಬಂತು.

“ಸರ್, ನಿಮ್ಮ ಮನೆ ಹೊಳೆ ಒಳಗೆ ತೋರಿಸ್ತಿದೆ.”

“ಗೋಪಾಳ ಕಣಪ್ಪಾ, ಗಣಪತಿ ದೇವಸ್ಥಾನದ ಹತ್ತಿರ.”

“ಯಾವ ಗಣಪತಿ ಸರ್?”

ನ್ಯಾಯವಾದ ಪ್ರಶ್ನೆ. ತಪ್ಪು ನನ್ನದೇ. ಆರ್ಡರ್ ಒತ್ತಿದಾಗ ಬಸ್ಸು ತುಂಗಾ ಸೇತುವೆ ಮೇಲಿತ್ತು. ವಿಳಾಸದಲ್ಲಿ ಮನೆ ನಂಬರ್ ಸರಿಯಾಗಿದ್ದರೂ ಮ್ಯಾಪಿನ ಗುರುತು ನಾನು ಕೂತ ಜಾಗದಲ್ಲೇ ನೆಟ್ಟುಬಿಟ್ಟಿತ್ತು. ಹುಡುಗರು ಓದೋದು ವಿಳಾಸವನ್ನಲ್ಲ, ಆ ಗುರುತನ್ನು. ಪಾಪ, ಅವನು ಮಳೆಯಲ್ಲಿ ಸೇತುವೆ ಪಕ್ಕ ನಿಂತು ನನ್ನ ಮನೆ ಹುಡುಕುತ್ತಿದ್ದ.

9:40ಕ್ಕೆ ಚೀಲ ಬಂತು. ಅಷ್ಟರಲ್ಲಿ ಭಾವ ಎರಡನೇ ಕಾಫಿಯಲ್ಲಿದ್ದರು.

ಅಮ್ಮ ತಪಾಸಣೆಗೆ ಕೂತರು. ಕೊತ್ತಂಬರಿ ಸೊಪ್ಪು ಮೇಲಿಂದ ಹಸಿರೋ ಹಸಿರು. ಅಮ್ಮ ರಬ್ಬರ್ ಬ್ಯಾಂಡ್ ತೆಗೆದು ಕಟ್ಟಿನ ನಡುವೆ ಬೆರಳಿಟ್ಟರು. ಲೋಳೆ! ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದರೆ ಉಸಿರಾಡೋಕೆ ಜಾಗವಿಲ್ಲದೆ ಒಳಗಿನಿಂದಲೇ ಕೊಳೆಯುತ್ತದೆ. “ಎಲೆ ನೋಡಬಾರದು ಕಣೋ, ಕಡ್ಡಿ ನೋಡಬೇಕು” ಅಂದರು. ನಾನು ಮೊಬೈಲಿನಲ್ಲಿ ನೋಡಿದ್ದು ಎಲೆಯೂ ಅಲ್ಲ, ಎಲೆಯ ಚಿತ್ರ.

ಸಾಂಬಾರ್ ಸೌತೆ ಇರಲಿಲ್ಲ. ಬದಲಿಗೆ ಕೋಸಂಬರಿಗೆ ಹಾಕುವ ಎಳೆ ಸೌತೆ ಬಂದಿತ್ತು. ಅವರ ಪಟ್ಟಿಯಲ್ಲಿ ಎರಡೂ ಒಂದೇ ಕುಲ. ಹುಳಿಗೆ ಹಾಕಿದರೆ ಕರಗಿ ನೀರಾಗುತ್ತದೆ ಅಂತ ಗೋದಾಮಿನ ಹುಡುಗನಿಗೆ ಯಾರು ಹೇಳಬೇಕು?

120 ರೂಪಾಯಿಯ ಜೋನಿ ಬೆಲ್ಲದ ಬದಲು 95 ರೂಪಾಯಿಯ ಬೆಲ್ಲದ ಪುಡಿ. ಭಾವನ ಮುಖ ಸಣ್ಣಗಾಯಿತು. ಜೋನಿ ಅಂದರೆ ಕಬ್ಬಿನ ಹಾಲು ಗಟ್ಟಿ ಬೆಲ್ಲವಾಗುವ ಮೊದಲೇ ಇಳಿಸಿದ್ದು. ಹೆಂಡತಿ ಪುಡಿಗೆ ನೀರು ಹಾಕಿ ಕಾಯಿಸಿದಳು. ತೆಳ್ಳಗಾಯಿತು, ಜೋನಿ ಆಗಲಿಲ್ಲ. ಭಾವ ಎರಡೇ ದೋಸೆಗೆ ಸಾಕು ಅಂದರು. ಮಾಮೂಲಿ ಎಂಟು ತಿನ್ನುವವರು.

ಇದಕ್ಕೂ ನಾನೇ ಹೊಣೆ. ‘ಇಲ್ಲದಿದ್ದರೆ ಬದಲಿ ಕಳಿಸಿ’ ಅನ್ನೋದಕ್ಕೆ ಅವರೇ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಒಂದೊಂದು ಸಾಮಾನಿಗೂ ಹೋಗಿ ‘ಬದಲಿ ಬೇಡ’ ಅಂತ ಒತ್ತಬೇಕಿತ್ತು. ಉಪ್ಪಿಗೆ, ಸೋಪಿಗೆ ಬದಲಿ ನಡೆಯುತ್ತದೆ. ಜೋನಿಗೆ ನಡೆಯುತ್ತದಾ?

ಇನ್ನು ತೆಂಗಿನಕಾಯಿ. ಬಿಲ್ಲಿನಲ್ಲಿತ್ತು, 45 ರೂಪಾಯಿ. ಚೀಲದಲ್ಲಿರಲಿಲ್ಲ. ದೂರು ಕೊಡೋಕೆ ಹೋದರೆ ‘ಸಿಗದ ವಸ್ತುವಿನ ಫೋಟೋ ಹಾಕಿ’ ಅಂತ ಕೇಳಿತು. ಇಲ್ಲದ ಕಾಯಿಯ ಫೋಟೋ ತೆಗೆಯೋದು ಹೇಗೆ? ಖಾಲಿ ಚೀಲದ್ದು ತೆಗೆದು ಹಾಕಿದೆ. ‘ಚಿತ್ರದಲ್ಲಿ ವಸ್ತು ಸ್ಪಷ್ಟವಾಗಿಲ್ಲ’ ಅಂತ ಉತ್ತರ ಬಂತು. ಅಲ್ವಾ ಮತ್ತೆ, ಅದೇ ತಾನೇ ದೂರು!

ಆಮೇಲೆ ಬಂದ ಎಲ್ಲ ಸಾಮಾನನ್ನೂ ಬಿಲ್ಲಿನ ಪಕ್ಕ ಸಾಲಾಗಿ ಇಟ್ಟು, ಲೋಳೆಯಾದ ಕಟ್ಟನ್ನು ಬಿಡಿಸಿ ತೋರಿಸಿ, ಒಂದೇ ಫೋಟೋ ತೆಗೆದೆ. ಅದಕ್ಕೆ ಒಬ್ಬಳು ಹುಡುಗಿ ಮಾತಿಗೆ ಸಿಕ್ಕಳು. ಕಾಯಿಯ 45, ಸೊಪ್ಪಿನ 20 ತಕ್ಷಣ ಒಪ್ಪಿದಳು. ಬೆಲ್ಲದ ವ್ಯತ್ಯಾಸ 25 ರೂಪಾಯಿಯ ಸುದ್ದಿಯನ್ನೇ ಎತ್ತಲಿಲ್ಲ. ನಾನು ಕೇಳಿದ ಮೇಲೆ ಸೇರಿಸಿದಳು. ಒಟ್ಟು 90. ಆದರೆ ಹಣ ಬಂದಿದ್ದು ಬ್ಯಾಂಕಿಗಲ್ಲ, ಅವರದೇ ವಾಲೆಟ್ಟಿಗೆ. ಅದನ್ನು ಬಳಸಬೇಕಾದರೆ ಕನಿಷ್ಠ 199 ರೂಪಾಯಿಯ ಇನ್ನೊಂದು ಆರ್ಡರ್ ಮಾಡಬೇಕು. ‘ಖಾತೆಗೇ ಹಾಕಿ’ ಅಂತ ಮೊದಲೇ ಆರಿಸಿಕೊಳ್ಳೋಕೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಗುಂಡಿ ಇತ್ತಂತೆ. ಕನ್ನಡಕ ಅಡುಗೆಮನೆಯಲ್ಲಿತ್ತು.

90 ರೂಪಾಯಿ ಬಿಡೋಕೆ ಮನಸ್ಸು ಬರಲಿಲ್ಲ. ಸಂಜೆ ಮನೆಯಲ್ಲೇ ಕೂತು, ಮ್ಯಾಪಿನ ಗುರುತನ್ನು ಹೊಳೆಯಿಂದ ಎತ್ತಿ ನಮ್ಮ ಗೇಟಿಗೆ ತಂದು, ಮತ್ತೆ ಆರ್ಡರ್ ಮಾಡಿದೆ. ಈ ಸಲ ‘ನನ್ನನ್ನು ಕೇಳಿ ಬದಲಿಸಿ’ ಅಂತ ಹುಷಾರಾಗಿ ಒತ್ತಿದೆ. ಮರುದಿನ ಬೆಳಿಗ್ಗೆ ಮೆಸೇಜು ಬಂತು: ‘ತೆಂಗಿನಕಾಯಿ ಲಭ್ಯವಿಲ್ಲ. ಬದಲಿಗೆ ತೆಂಗಿನೆಣ್ಣೆ, 200 ಮಿ.ಲೀ., ತಲೆಗೆ ಹಚ್ಚುವುದು. ಕಳಿಸಬಹುದೇ?’