ಶಕ 1291ರ ಕೆರೆ ಕಾಮಗಾರಿ: ಆಡಿಟ್ ಆಕ್ಷೇಪಣೆ

ವಿಷಯ: ಪೋರುಮಾಮಿಳ್ಳ ಕೆರೆ ನಿರ್ಮಾಣದಲ್ಲಿ ಕಂಡುಬಂದ ಲೋಪದೋಷಗಳ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಿಜಯನಗರದ ಒಂದನೇ ಬುಕ್ಕರಾಯರ ಮಗ, ಉದಯಗಿರಿಯ ಆಡಳಿತ ನೋಡಿಕೊಳ್ಳುತ್ತಿದ್ದ ಶ್ರೀ ಭಾಸ್ಕರ ಉರುಫ್ ಭವದೂರ ಇವರು ಕ್ರಿ.ಶ. 1369ರಲ್ಲಿ ಕಟ್ಟಿಸಿದ ಕೆರೆಯ ದಾಖಲೆಗಳನ್ನು ಪರಿಶೀಲಿಸಲಾಯಿತು. ಕೆರೆ ಈಗ ಆಂಧ್ರದ ಕಡಪ ಸೀಮೆಯಲ್ಲಿರುವುದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ತಕರಾರು ಬರಬಹುದು. ಅನುದಾನ ಹಂಪಿಯ ಕಡೆಯಿಂದ ಹೋಗಿರುವ ಕಾರಣ ತಕರಾರನ್ನು ತಳ್ಳಿಹಾಕಲಾಗಿದೆ.

ಮೊದಲನೆಯದಾಗಿ, ಕಡತವೇ ಇಲ್ಲ. ಇರುವುದು ಕಲ್ಲಿನ ಮೇಲೆ ಕೆತ್ತಿದ ಸಂಸ್ಕೃತ ಶ್ಲೋಕಗಳು. ದಿನವೂ 1000 ಆಳು ದುಡಿದರು, ತೂಬು ಮತ್ತು ಗೋಡೆಯ ಕಲ್ಲು ಸಾಗಿಸಲು 100 ಬಂಡಿ ಓಡಿದವು, 2 ವರ್ಷದಲ್ಲಿ ಕೆಲಸ ಮುಗಿಯಿತು ಎಂದು ಅದರಲ್ಲಿ ಬರೆದಿದೆ. ಮುಗಿಯಿತು ಎಂಬ ಶಬ್ದವನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿದೆ. ಪರಿಷ್ಕೃತ ಅಂದಾಜು ಪಟ್ಟಿ ಇಲ್ಲ, ಅವಧಿ ವಿಸ್ತರಣೆ ಇಲ್ಲ, ಎರಡನೇ ಹಂತವೆಂಬುದೇ ಇಲ್ಲ. ಗುದ್ದಲಿ ಪೂಜೆಗೆ ಯಾರು ಯಾರನ್ನು ಕರೆದರು, ಶಿಷ್ಟಾಚಾರ ಪಾಲನೆಯಾಯಿತೇ ಎಂಬುದಕ್ಕೂ ಆಧಾರವಿಲ್ಲ.

ಜಾಗದ ಆಯ್ಕೆಯಲ್ಲಿ ಅನುಸರಿಸಿದ ಮಾನದಂಡಗಳು ಇನ್ನೂ ಆಘಾತಕಾರಿ. ಒಳ್ಳೆಯ ಕೆರೆಗೆ 12 ಅಂಗಗಳು ಬೇಕೆಂದು ಶಾಸನ ಪಟ್ಟಿ ಕೊಡುತ್ತದೆ. ದುಡ್ಡೂ ಧರ್ಮಬುದ್ಧಿಯೂ ಇರುವ ರಾಜ, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ಜೇಡಿನೆಲ, ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ಏರಿಗೆ ಆಸರೆಯಾಗಲು ಗುಡ್ಡ, ಹತ್ತಿರದಲ್ಲೇ ಕಲ್ಲುಗಣಿ, ಕೆಳಗೆ ಸಮತಟ್ಟಾದ ಫಲವತ್ತು ಭೂಮಿ, ಕೆಲಸ ಬಲ್ಲ ಜನ, ಇತ್ಯಾದಿ. ಅದರಂತೆಯೇ ಇವರು ಗುಡ್ಡಗಳ ನಡುವಿನ ಸಂದು ನೋಡಿ ಅಲ್ಲಿ ಮಾತ್ರ ಏರಿ ಹಾಕಿದ್ದಾರೆ. ಉಳಿದ ಏರಿಯ ಕೆಲಸ ಗುಡ್ಡವೇ ಮಾಡಿದೆ. ಗುಡ್ಡದ ಭಾಗಕ್ಕೆ ಬಿಲ್ ಮಾಡಿಲ್ಲ. ಮೇಲಿನ 12ರಲ್ಲಿ ಗೆಜೆಬೊ, ವಾಕಿಂಗ್ ಪಾತ್, ಸೆಲ್ಫಿ ಪಾಯಿಂಟ್‌ಗಳ ಉಲ್ಲೇಖ ಎಲ್ಲಿಯೂ ಇಲ್ಲ ಎಂಬುದನ್ನು ನಮೂದಿಸಲು ವಿಷಾದವಾಗುತ್ತದೆ.

ಇದಲ್ಲದೆ ಕೆರೆಗೆ 6 ದೋಷಗಳನ್ನೂ ಹೇಳಿದ್ದಾರೆ. ಏರಿಯಲ್ಲಿ ನೀರು ಜಿನುಗಬಾರದು, ನೆಲ ಸವುಳಾಗಿರಬಾರದು. ಇವು ಸರಿ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬಾರದು ಎಂಬುದು ಮೂರನೆಯದು. ಈ ಸಲಹೆ ಪಾಲನೆಯಾಗಿದ್ದರೆ ನ್ಯಾಯಮಂಡಳಿಗಳಿಗೂ ದೆಹಲಿಯ ವಕೀಲರಿಗೂ ಆಗುತ್ತಿದ್ದ ನಷ್ಟವನ್ನು ಯಾರು ಭರಿಸುತ್ತಿದ್ದರು? ಕೆರೆಯ ನಡುವೆ ದಿಬ್ಬ ಇರಬಾರದು, ಅಷ್ಟು ನೀರು ನಿಲ್ಲುವ ಜಾಗ ಹೋಗುತ್ತದೆ ಎಂಬುದು ಮತ್ತೊಂದು. ನಾವಾದರೋ ಲಾರಿಗಟ್ಟಲೆ ಮಣ್ಣು ಸುರಿದು ದಿಬ್ಬ ಮಾಡಿ, ಅದರ ಮೇಲೆ ಪ್ರತಿಮೆ ಇಟ್ಟು, ಸುತ್ತ ಬೋಟು ಬಿಡುತ್ತಿದ್ದೇವೆ.

ಕೊನೆಯ ಎರಡು ದೋಷಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕಾಯಿತು. ನೀರು ಕಡಿಮೆ ಇದ್ದು ಅಚ್ಚುಕಟ್ಟು ಹೆಚ್ಚಾಗಬಾರದು, ನೀರು ಹೆಚ್ಚಿದ್ದು ಅಚ್ಚುಕಟ್ಟು ಕಡಿಮೆಯಾಗಬಾರದು. ಮೊದಲನೆಯದರಲ್ಲಿ ಕಾಳು ಕಟ್ಟುವ ಹೊತ್ತಿಗೆ ತೂಬು ಒಣಗುತ್ತದೆ, ಕಾಲುವೆ ಕೊನೆಯ ರೈತ ಗುದ್ದಲಿ ಹಿಡಿದು ಮೇಲಿನ ರೈತನ ಮನೆಗೆ ಬರುತ್ತಾನೆ. ಎರಡನೆಯದರಲ್ಲಿ ಏರಿ ಸುಮ್ಮನೆ ಭಾರ ಹೊರುತ್ತದೆ, ಹಾಕಿದ ಹಣಕ್ಕೆ ತಕ್ಕ ಬೆಳೆ ಬರುವುದಿಲ್ಲ. ನಾವು ಮೊದಲು ಅಚ್ಚುಕಟ್ಟನ್ನು ಘೋಷಿಸಿ ಆಮೇಲೆ ನೀರು ಹುಡುಕುವ ಪದ್ಧತಿಯವರಾದ್ದರಿಂದ ಈ ಲೆಕ್ಕ ನಮಗೆ ಹೊಸದು.

ಮುಂದಿನ ಆಕ್ಷೇಪಣೆ ಆದಾಯ ಸೋರಿಕೆಯದು. ಇದೇ ವಿಜಯನಗರದ ಸಿಂಹಾಸನಕ್ಕೆ ಮುಂದೆ ಬಂದ ತುಳುವ ವಂಶದ ಕೃಷ್ಣದೇವರಾಯರು ಹೊಸಪೇಟೆಯ ಬಳಿ ದೊಡ್ಡ ಕೆರೆ ಕಟ್ಟಿಸುತ್ತಿದ್ದಾಗ 15-20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡಿದ್ದಾನೆ. ಆ ಕೆರೆಯ ನೀರುಣ್ಣುವ ಭೂಮಿಯನ್ನು ರಾಯರು ಜನರಿಗೆ 9 ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟರೆಂದು ಇನ್ನೊಬ್ಬ ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಒಂಬತ್ತು ವರ್ಷವೆಂದರೆ ಎರಡು ಚುನಾವಣೆಯಷ್ಟು ಹತ್ತಿರ. ಇಷ್ಟು ತಾಳ್ಮೆಯ ಆಡಳಿತವನ್ನು ಇಲಾಖೆ ಕಂಡಿಲ್ಲ. ಆದರೆ ಅದೇ ನೂನಿಜ್ ಮುಂದೆ ಆ ಭೂಮಿಯ ಹುಟ್ಟುವಳಿ 20,000 ಪರದಾವು ಎಂಬ ಚಿನ್ನದ ನಾಣ್ಯಗಳಿಗೆ ಏರಿತೆಂದೂ ಹೇಳುತ್ತಾನೆ. ಅಂದರೆ ಅದು ದಾನವೂ ಹೌದು, ಬಂಡವಾಳವೂ ಹೌದು. ಮಳೆಯನ್ನೇ ನಂಬಿದ ಬೆದ್ದಲಿನಿಂದ ಕುದುರೆ, ಕೋಟೆ, ಸೈನ್ಯ ಸಾಕಲು ಆಗುವುದಿಲ್ಲ. ನೀರಿದ್ದರೆ ಗದ್ದೆ, ಗದ್ದೆಯಿದ್ದರೆ ಕಂದಾಯ. ಪುಣ್ಯ ಮೇಲಿನ ಲೋಕಕ್ಕೆ, ಭತ್ತ ಖಜಾನೆಗೆ.

ಏರಿ ಎರಡು ಮೂರು ಸಲ ಒಡೆದಾಗ ಪುರೋಹಿತರ ಮಾತು ಕೇಳಿ ರಾಯರು 60 ಜನರ ತಲೆ ಕಡಿಸಿದರೆಂದು ಪಾಯೆಸ್ ದಾಖಲಿಸಿದ್ದಾನೆ. ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸಿದ ದಾಖಲೆ ಆಗಲೂ ಸಿಗುವುದಿಲ್ಲ, ಈಗಲೂ ಸಿಗುವುದಿಲ್ಲ. ಹಳೆಯದೆಲ್ಲ ಚಿನ್ನ ಎನ್ನುವ ಸಿಬ್ಬಂದಿ ಈ ಪುಟವನ್ನು ತಪ್ಪದೆ ಓದತಕ್ಕದ್ದು.

ಅತ್ಯಂತ ಗಂಭೀರ ಲೋಪ ನಿರ್ವಹಣೆಯಲ್ಲಿದೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳು ಪದೇಪದೇ ಬರುತ್ತವೆ. ಕೆರೆ ಕಟ್ಟಿದವನಿಗೋ ದುರಸ್ತಿ ಮಾಡುವವನಿಗೋ ಅದೇ ಕೆರೆಯ ಕೆಳಗೆ ಜಮೀನು ಅಥವಾ ಬೆಳೆಯಲ್ಲಿ ಪಾಲು ಬಿಡುವುದು ಈ ಏರ್ಪಾಡಿನ ತಿರುಳು. ಹೂಳು ಹೊರುವ ಕೆರೆಬಂಡಿಗೂ ದತ್ತಿ ಇತ್ತು. ಕೆರೆ ಹಾಳಾದರೆ ನೋಡಿಕೊಳ್ಳುವವನ ಊಟವೇ ಹಾಳು. ಇಂಥ ಹೊಟ್ಟೆಪಾಡಿನ ಹೊಣೆಗಾರಿಕೆಗೆ ನಮ್ಮ ಸೇವಾ ನಿಯಮಗಳಲ್ಲಿ ಅವಕಾಶವಿಲ್ಲ.

ನೀರಗಂಟಿಯನ್ನೇ ನೋಡಿ. ಕೆರೆಯೊಳಗೆ ತೂಬಿನ ಮೇಲೆ ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಚಪ್ಪಡಿಗಳು, ಆ ತೂತುಗಳಲ್ಲಿ ಇಳಿಬಿಟ್ಟ ಉದ್ದನೆಯ ಮರದ ಕೋಲು, ಅದರ ತುದಿಯ ಬಿರಡೆ ಕೆಳಗಿನ ಕಿಂಡಿಗೆ ಕೂರುತ್ತದೆ. ಕೋಲನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಕೈಯಲ್ಲಿ. ಸಂಬಳ ಕಣದಲ್ಲಿ, ಧಾನ್ಯದ ರೂಪದಲ್ಲಿ. ಹೀಗಾಗಿ ರಾಜಧಾನಿಯಿಂದ ಊರೂರಿಗೆ ಇಂಜಿನಿಯರ್ ಕಳಿಸುವ ಗೋಜು ಅರಸನಿಗೆ ಇರಲಿಲ್ಲ. ಊರು ತನ್ನ ಕೆರೆಯನ್ನು ತಾನೇ ಕಾಯುತ್ತಿತ್ತು, ಅರಸನಿಗೆ ಪಾಲು ತಲುಪುತ್ತಿತ್ತು. ಒಳ್ಳೆಯ ಗದ್ದೆ ಬಹಳಷ್ಟು ದೇವಸ್ಥಾನ, ಅಗ್ರಹಾರ, ಗೌಡರ ಪಾಲಾಗುತ್ತಿತ್ತು, ಹೂಳು ಹೊತ್ತವರ ಹೆಸರು ಕಲ್ಲಿಗೆ ಏರಲಿಲ್ಲ ಎಂಬ ಕೊರತೆಯನ್ನು ಎತ್ತಬಹುದಿತ್ತು. ಎತ್ತಿದರೆ ಇಂದಿನ ಕಡತಗಳನ್ನೂ ತೆರೆಯಬೇಕಾಗುತ್ತದೆ.

ಹೋಲಿಕೆಗಾಗಿ ಬೆಂಗಳೂರನ್ನು ಗಮನಿಸಲಾಯಿತು. ಇಲ್ಲಿ ಧರ್ಮಾಂಬುಧಿ ಕೆರೆಯಿಂದ ಬಸ್‌ಸ್ಟ್ಯಾಂಡನ್ನೂ ಸಂಪಂಗಿ ಕೆರೆಯಿಂದ ಕ್ರೀಡಾಂಗಣವನ್ನೂ ಯಶಸ್ವಿಯಾಗಿ ಪಡೆಯಲಾಗಿದೆ. ಬೆಳ್ಳಂದೂರು ಕೆರೆ ಬೆಂಕಿಯನ್ನೂ ಉತ್ಪಾದಿಸಿದೆ. ಪೋರುಮಾಮಿಳ್ಳ ಕೆರೆಯಿಂದ 650 ವರ್ಷ ಕಳೆದರೂ ನೀರಿನ ಹೊರತು ಬೇರೇನೂ ಹುಟ್ಟಿಲ್ಲ.

ಆದುದರಿಂದ, ಇಷ್ಟು ವರ್ಷ ಪುನಶ್ಚೇತನ ಕಾಮಗಾರಿಗಳಿಗೆ ಅವಕಾಶವಾಗದಂತೆ ಕೆರೆ ಕಟ್ಟಿ ಇಲಾಖೆಗೆ ಉಂಟುಮಾಡಿದ ನಷ್ಟವನ್ನು ಶ್ರೀ ಭವದೂರ ಅವರಿಂದ ಏಕೆ ವಸೂಲು ಮಾಡಬಾರದು ಎಂಬುದಕ್ಕೆ 15 ದಿನಗಳೊಳಗೆ, ತ್ರಿಪ್ರತಿಯಲ್ಲಿ, ಸಮಜಾಯಿಷಿ ಸಲ್ಲಿಸತಕ್ಕದ್ದು. ಕಲ್ಲಿನ ಮೇಲೆ ಬರೆದ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.