ಸ್ಪಷ್ಟನೆ: ಹಾಟ್‌ಸ್ಪಾಟ್‌ನಲ್ಲಿ ಗೇಮ್ ಆಡಿದರೆ ಡೇಟಾ ಎಷ್ಟು ಹೋಗುತ್ತದೆ?

"ಹಾಟ್‌ಸ್ಪಾಟ್‌ನಲ್ಲಿ ಒಂದು ಗಂಟೆ ಗೇಮ್ ಆಡಿದ್ರೆ 2 ಜಿಬಿ ಖಾಲಿ."

ಇದು ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸಾಮಾನ್ಯ ಗೇಮ್‌ನಲ್ಲಿ ದೃಶ್ಯವೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ತಯಾರಾಗುತ್ತದೆ. ನೆಟ್‌ನಲ್ಲಿ ಓಡಾಡುವುದು ಯಾರು ಎಲ್ಲಿದ್ದಾರೆ, ಏನು ಮಾಡಿದರು ಎಂಬ ಪುಟ್ಟ ಮಾಹಿತಿ. ಸೆಕೆಂಡಿಗೆ 30 ಕೆಬಿ ಹಿಡಿದರೂ ಗಂಟೆಗೆ 108 ಎಂಬಿ ಅಷ್ಟೇ. ಜಿಬಿಗಟ್ಟಲೆ ಹೋಗುವುದು ಅಪ್‌ಡೇಟ್‌ಗೆ, ಇಲ್ಲವೇ ವಿಡಿಯೋ ಕಳಿಸುವ ಕ್ಲೌಡ್ ಗೇಮಿಂಗ್‌ಗೆ.

ಲ್ಯಾಗ್ ಬೇರೆ ವಿಷಯ. ಹಿಂದೆ ಫೋಟೋ ಬ್ಯಾಕಪ್ ಓಡುತ್ತಿದ್ದರೆ ಗೇಮ್‌ನ ಪ್ಯಾಕೆಟ್ ಅದರ ಹಿಂದೆ ಸಾಲಿನಲ್ಲಿ ಕಾಯುತ್ತದೆ. 50 ಮಿಲಿಸೆಕೆಂಡ್ ಇದ್ದ ಪಿಂಗ್ 300 ದಾಟಬಹುದು. ಬ್ಯಾಕಪ್ ನಿಲ್ಲಿಸಿ, ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಮೇಲೂ ಪಿಂಗ್ ಜಾಸ್ತಿ ಕುಣಿದರೆ ಹೆಚ್ಚಾಗಿ ಮೊಬೈಲ್ ಸಿಗ್ನಲ್ಲೇ ಕಾರಣ. ಫೋನನ್ನು ಕಿಟಕಿ ಪಕ್ಕ ಇಟ್ಟು ನೋಡಿ.