ಮೊದಲ ನಿಮಿಷದಲ್ಲೇ ಖರ್ಚಾಗಿ ಹೋದ ಕ್ಲೋಸಪ್

ಗೆಳೆಯರೊಬ್ಬರು ತಮ್ಮ ಕಿರುಚಿತ್ರದ ಒಂದು ದೃಶ್ಯವನ್ನು ಸಂಕಲನಕ್ಕೆಂದು ನನಗೆ ತಂದುಕೊಟ್ಟಿದ್ದರು. ಮನೆ ಮಾರುವ ದಿನ. ಅಣ್ಣ, ತಮ್ಮ ಇಬ್ಬರೂ ಮೇಜಿನ ಆಚೆ ಈಚೆ ಕುಳಿತಿದ್ದಾರೆ, ನಡುವೆ ಕಾಗದಪತ್ರ. ತಾಯಿ ಬಾಗಿಲ ಬಳಿ ನಿಂತಿದ್ದಾಳೆ. ತಮ್ಮ ಸಹಿ ಹಾಕಬೇಕು, ಅಷ್ಟೇ ಕಥೆ. ಎರಡೂವರೆ ನಿಮಿಷದಲ್ಲಿ 23 ಶಾಟ್‌ಗಳು, ಅವುಗಳಲ್ಲಿ 19 ಕ್ಲೋಸಪ್. ನಟರು ಚೆನ್ನಾಗಿ ಮಾಡಿದ್ದರು, ಬೆಳಕಿನಲ್ಲೂ ದೋಷವಿರಲಿಲ್ಲ. ಆದರೆ ಸಹಿಯ ಗಳಿಗೆ ಬಂದಾಗ ನೋಡುವವರಿಗೆ ಏನೂ ಆಗಲಿಲ್ಲ.

ಆಗುವುದಾದರೂ ಹೇಗೆ? ತಮ್ಮನ ಮುಖವನ್ನು ಮೊದಲ ಮಾತಿನಿಂದಲೇ ಅಷ್ಟು ಹತ್ತಿರದಿಂದ ತೋರಿಸಿಬಿಟ್ಟಿದ್ದರು. ಅವನು ನೀರು ಕುಡಿದದ್ದೂ ಕ್ಲೋಸಪ್‌ನಲ್ಲಿ, "ಬಸ್ ತಡವಾಯಿತು" ಎಂದದ್ದೂ ಕ್ಲೋಸಪ್‌ನಲ್ಲಿ. ನಿಜವಾಗಿ ಹತ್ತಿರ ಹೋಗಬೇಕಾದ ಗಳಿಗೆಯಲ್ಲಿ ಕ್ಯಾಮೆರಾಗೆ ಹೋಗಲು ಜಾಗವೇ ಉಳಿದಿರಲಿಲ್ಲ.

ಶಾಟ್‌ನ ಅಳತೆ ಎಂದರೆ ಚೌಕಟ್ಟಿನಲ್ಲಿ ಮನುಷ್ಯ ಎಷ್ಟು ಹಿಡಿಸಿದ್ದಾನೆ ಎಂಬ ಲೆಕ್ಕ. ಎಕ್ಸ್‌ಟ್ರೀಮ್ ವೈಡ್‌ನಲ್ಲಿ ಅವನೊಂದು ಚುಕ್ಕೆ, ಜಾಗವೇ ದೊಡ್ಡದು. ವೈಡ್‌ನಲ್ಲಿ ತಲೆಯಿಂದ ಪಾದದವರೆಗೆ ಕಾಣುತ್ತಾನೆ. ಮಿಡ್ ಶಾಟ್ ಸೊಂಟದವರೆಗೆ, ಮಿಡ್ ಕ್ಲೋಸ್ ಎದೆಯವರೆಗೆ, ಕ್ಲೋಸಪ್ ಎಂದರೆ ಮುಖ, ಎಕ್ಸ್‌ಟ್ರೀಮ್ ಕ್ಲೋಸಪ್‌ನಲ್ಲಿ ಕಣ್ಣು ಅಥವಾ ಬೆರಳ ತುದಿ ಮಾತ್ರ. ಒಬ್ಬರ ಮಿಡ್ ಇನ್ನೊಬ್ಬರಿಗೆ ಮಿಡ್ ಕ್ಲೋಸ್ ಆಗಿರುವುದುಂಟು, ಹೆಸರಿಗಾಗಿ ಜಗಳ ಬೇಡ. ಒಂದು ಕಿವಿಮಾತನ್ನು ಮಾತ್ರ ಮರೆಯಬಾರದು: ಚೌಕಟ್ಟಿನ ಅಂಚು ಮೊಣಕಾಲಿನ, ಕಣಕಾಲಿನ ಕೀಲಿನ ಮೇಲೆಯೇ ಬಿದ್ದರೆ ಅಂಗ ಕತ್ತರಿಸಿದಂತೆ ಕಾಣುತ್ತದೆ. ಕೀಲಿಗಿಂತ ಸ್ವಲ್ಪ ಮೇಲೆ ಅಥವಾ ಕೆಳಗೆ ಕತ್ತರಿಸಬೇಕು.

ನಮ್ಮ ದೃಶ್ಯಕ್ಕೆ ಬರುತ್ತೇನೆ. ಅದರಲ್ಲಿ ಒಂದೇ ಒಂದು ವೈಡ್ ಇತ್ತು, ಎರಡು ಸೆಕೆಂಡಿನದು. ಅದಕ್ಕೇ ತಾಯಿ ಎಲ್ಲಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ನಡುವೆ ಅವಳ ಮುಖ ಧುತ್ತೆಂದು ಬಂದಾಗ ಪಕ್ಕದ ಕೋಣೆಯಲ್ಲಿ ಇರಬೇಕೆಂದು ನೋಡಿದವರೊಬ್ಬರು ಅಂದುಕೊಂಡರು. ಕ್ಲೋಸಪ್‌ನಲ್ಲಿ ನೋಡಬೇಕಾದದ್ದು ಒಂದೇ ಇರುವುದರಿಂದ ಅದು ಒಂದು ಸೆಕೆಂಡಿನಲ್ಲಿ ದಕ್ಕಿಬಿಡುತ್ತದೆ. ವೈಡ್‌ನಲ್ಲಿ ಕಣ್ಣು ಅಲೆಯಬೇಕು: ಯಾರು ಎಲ್ಲಿ, ಯಾರಿಗೆ ಯಾರು ಬೆನ್ನು ಹಾಕಿದ್ದಾರೆ, ಬಾಗಿಲು ತೆರೆದಿದೆಯೇ. ಆ ಅಲೆದಾಟಕ್ಕೆ ಸಮಯ ಕೊಡದ ವೈಡ್ ಇದ್ದೂ ಇಲ್ಲದಂತೆಯೇ. ವೈಡ್ ಎಂದರೆ ಜಾಗ ತೋರಿಸುವ ಶಾಟ್ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಮನುಷ್ಯರ ನಡುವಿನ ದೂರವನ್ನು ತೋರಿಸುವ ಶಾಟ್. ಅಣ್ಣ ತಮ್ಮಂದಿರ ನಡುವಿನ ಆ ಮೇಜು ಕ್ಲೋಸಪ್‌ಗಳಲ್ಲಿ ಮಾಯವಾಗಿತ್ತು, ಅದರ ಜೊತೆಗೆ ಅರ್ಧ ಕಥೆಯೂ.

ನಿರ್ದೇಶಕರನ್ನು ಒಪ್ಪಿಸಿ ಅರ್ಧ ದಿನದ ಮರುಚಿತ್ರೀಕರಣ ಮಾಡಿಸಿದೆವು. ಮೊದಲು ವೈಡ್: ಮೇಜಿನ ಎರಡು ತುದಿಗಳಲ್ಲಿ ಇಬ್ಬರು, ಹಿಂದೆ ಬಾಗಿಲ ಚೌಕಟ್ಟಿನೊಳಗೆ ತಾಯಿ. ಅದನ್ನು ಒಂಬತ್ತು ಸೆಕೆಂಡ್ ಹಾಗೆಯೇ ಬಿಟ್ಟೆ. ನಂತರ ಮಾತುಕತೆಗೆ ಮಿಡ್ ಶಾಟ್‌ಗಳು. ಮಿಡ್ ಶಾಟ್ ಬಗ್ಗೆ ಅನೇಕರಿಗೆ ತಾತ್ಸಾರ, ಅದರಲ್ಲಿ ಕಲೆಯಿಲ್ಲ ಎಂಬ ಭಾವನೆ. ಆದರೆ ಮುಖವೂ ಕೈಯೂ ಒಟ್ಟಿಗೆ ಕಾಣುವುದು ಅಲ್ಲಿಯೇ. ಅಣ್ಣ ನಗುತ್ತಾ ಮಾತಾಡುತ್ತಿದ್ದಾನೆ, ಕೈ ಮಾತ್ರ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಲೇ ಇದೆ. ಕ್ಲೋಸಪ್‌ನಲ್ಲಿ ಅವನು ನಗುತ್ತಿರುವ ಅಣ್ಣ ಮಾತ್ರ. ಮಿಡ್‌ನಲ್ಲಿ ಸುಳ್ಳು ಹೇಳುತ್ತಿರುವ ಅಣ್ಣ.

ಕ್ಲೋಸಪ್‌ ಅನ್ನು ಒಂದೇ ಒಂದು ಕಡೆ ಉಳಿಸಿಕೊಂಡೆವು. ಪತ್ರ ಓದುತ್ತಿದ್ದ ತಮ್ಮನಿಗೆ ಅದರಲ್ಲಿ ತಂದೆಯ ಹೆಸರು ಕಂಡಾಗ. ಅವನು ಏನನ್ನೂ ಅಭಿನಯಿಸಲಿಲ್ಲ, ಓದುವುದನ್ನು ನಿಲ್ಲಿಸಿದ, ಅಷ್ಟೇ. ಸಾಕಾಯಿತು. ಸುಮಾರು 1920ರ ಹೊತ್ತಿಗೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವುಕ ಮುಖದ ಒಂದೇ ತುಣುಕನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದರೆಂಬ ಪ್ರಸಿದ್ಧ ಪ್ರಯೋಗವಿದೆ. ಸೂಪಿನ ಬಟ್ಟಲಿನ ಪಕ್ಕದಲ್ಲಿ ಅದೇ ಮುಖ ಹಸಿದಂತೆ, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸಿದಂತೆ ಕಾಣುತ್ತಿತ್ತಂತೆ. ಕ್ಲೋಸಪ್ ತನ್ನಷ್ಟಕ್ಕೆ ತಾನು ಹೇಳುವುದು ಬಹಳ ಕಡಿಮೆ. ಹಿಂದಿನ ಶಾಟ್‌ಗಳು ಕೂಡಿಟ್ಟದ್ದನ್ನು ಅದು ತೆಗೆದು ಬಳಸುತ್ತದೆ. ಕೂಡಿಡದಿದ್ದರೆ ತೆಗೆಯುವುದು ಎಲ್ಲಿಂದ?

ನಿರ್ದೇಶಕರಿಗೂ ನನಗೂ ನಿಜವಾದ ವಾದ ನಡೆದದ್ದು ಎಕ್ಸ್‌ಟ್ರೀಮ್ ಕ್ಲೋಸಪ್ ಬಗ್ಗೆ. ಸಹಿಯ ಹೊತ್ತಿಗೆ ತೆರೆ ತುಂಬಾ ತಮ್ಮನ ಕಣ್ಣು ಬೇಕೆಂದು ಅವರ ಹಟ. ತೆಗೆದೆವು. ಅಷ್ಟು ಹತ್ತಿರದಲ್ಲಿ ಫೋಕಸ್ ನಿಲ್ಲುವ ಆಳ ಕೆಲವೇ ಮಿಲಿಮೀಟರ್. ನಟ ಉಸಿರು ಬಿಟ್ಟರೆ ಸಾಕು, ಕಣ್ಣುಗುಡ್ಡೆಯ ಬದಲು ರೆಪ್ಪೆ ಸ್ಪಷ್ಟವಾಗಿಬಿಡುತ್ತದೆ. ಆರನೆಯ ಟೇಕ್ ಸರಿಬಂತು. ನೋಡಲು ಸುಂದರವಾಗಿಯೇ ಇತ್ತು, ಆದರೆ ಅದರಲ್ಲಿ ದುಃಖವಿರಲಿಲ್ಲ. ಕಾರಣ ಸರಳ: ಮುಖದ ಭಾವ ಕಣ್ಣೊಂದರಲ್ಲೇ ಇರುವುದಿಲ್ಲ, ಹುಬ್ಬು, ಕಣ್ಣು, ತುಟಿ, ದವಡೆ ಒಟ್ಟು ಸೇರಿ ಅದು ಹುಟ್ಟುತ್ತದೆ. ಕಣ್ಣನ್ನಷ್ಟೇ ಕತ್ತರಿಸಿ ತೆಗೆದರೆ ಉಳಿಯುವುದು ಚರ್ಮ, ರೆಪ್ಪೆ, ಹೊಳಪು. ಭಯಕ್ಕೆ, ಗೀಳಿಗೆ, ಯಾರನ್ನೋ ಕದ್ದು ನೋಡುವುದಕ್ಕೆ ಅದು ಒದಗೀತು. ಸಂಕಟಕ್ಕೆ ಒದಗುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಎಕ್ಸ್‌ಟ್ರೀಮ್ ಕ್ಲೋಸಪ್ ನನಗೆ ಬೇಕೆನಿಸುವುದು ವಸ್ತುಗಳಿಗೆ. ನಾವು ಕೊನೆಗೆ ಬಳಸಿದ್ದೂ ಅದನ್ನೇ: ಕಾಗದಕ್ಕೆ ತಾಗಿ ನಿಂತ ಪೆನ್ನಿನ ಮೊನೆ, ನಿಂತಲ್ಲೇ ಅಗಲವಾಗುತ್ತಾ ಹೋಗುವ ಶಾಯಿಯ ಚುಕ್ಕೆ. ತಮ್ಮನ ಹಿಂಜರಿಕೆ ಅದರಲ್ಲಿತ್ತು.

ನಡುವೆ ಛಾಯಾಗ್ರಾಹಕರು ಒಂದು ಸಲಹೆ ಕೊಟ್ಟರು: ಚಿತ್ರೀಕರಣ 4ಕೆಯಲ್ಲಿ ಆಗಿದೆ, ಹೊರಗೆ ಹೋಗುವುದು ಸುಮಾರು ಅದರ ಅರ್ಧ ಅಗಲ, ಅರ್ಧ ಎತ್ತರದ 1080ಪಿ, ಮಿಡ್ ಶಾಟ್‌ ಅನ್ನೇ ಎರಡು ಪಟ್ಟು ಹಿಗ್ಗಿಸಿ ಕ್ಲೋಸಪ್ ಮಾಡೋಣ. ಲೆಕ್ಕ ಸರಿ, ಸ್ಪಷ್ಟತೆಯೂ ಹೆಚ್ಚು ಕೆಡುವುದಿಲ್ಲ. ಆದರೆ ಹಿನ್ನೆಲೆ ಎಷ್ಟು ಮಸುಕಾಗಿತ್ತೋ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಕ್ಯಾಮೆರಾ ಹತ್ತಿರ ಬಂದ ಅನುಭವವಾಗುವುದಿಲ್ಲ. ಜೊತೆಗೆ ನಟ ಅಭಿನಯಿಸಿದ್ದು ಮಿಡ್ ಶಾಟ್‌ಗೆ. ಅಲ್ಲಿ ಸಹಜವಾಗಿದ್ದ ಹುಬ್ಬಿನ ಕುಣಿತ ದೊಡ್ಡದಾದಾಗ ನಾಟಕವಾಯಿತು. ತುರ್ತಿಗೆ ಉಪಯೋಗಿಸಬಹುದಾದ ಉಪಾಯ, ಯೋಜನೆಯಲ್ಲ.

"ಈಗ ಎಲ್ಲರೂ ನೋಡುವುದು ಮೊಬೈಲಿನಲ್ಲಿ, ವೈಡ್ ಯಾರಿಗೆ ಕಾಣುತ್ತದೆ?" ಎಂಬ ಮಾತನ್ನು ನಿರ್ದೇಶಕರು ಮೂರು ಬಾರಿಯಾದರೂ ಹೇಳಿರಬೇಕು. ಸಣ್ಣ ತೆರೆಯಲ್ಲಿ ಕಾಣದೇ ಹೋಗುವುದು ಗಿಜಿಗುಟ್ಟುವ ವೈಡ್. ಹಿನ್ನೆಲೆಯ ಕಪಾಟು, ಚಿತ್ರಪಟ, ಹೂದಾನಿಗಳನ್ನು ತೆಗೆಸಿ, ತಾಯಿಯ ಹಿಂದೆ ಬೆಳಕಿರುವಂತೆ ಮಾಡಿದ ಮೇಲೆ ಅವಳ ಆಕೃತಿ ಅಂಗೈಯಗಲದ ತೆರೆಯಲ್ಲೂ ಎದ್ದು ಕಂಡಿತು. ನಾನು ಪರೀಕ್ಷಿಸುವ ವಿಧಾನ ಹೀಗೆ: ಧ್ವನಿ ಪೂರ್ತಿ ನಿಲ್ಲಿಸಿ ದೃಶ್ಯವನ್ನು ಫೋನಿನಲ್ಲಿ ಓಡಿಸುತ್ತೇನೆ. ಯಾರು ಯಾರಿಂದ ಎಷ್ಟು ದೂರದಲ್ಲಿದ್ದಾರೆಂದು ಹೇಳಲಾಗದಿದ್ದರೆ ವೈಡ್ ಸೋತಿದೆ. ಎಲ್ಲಿ ಮುಖ್ಯವಾದದ್ದು ನಡೆಯಿತೆಂದು ಹೇಳಲಾಗದಿದ್ದರೆ ಕ್ಲೋಸಪ್‌ಗಳು ಹೆಚ್ಚಾಗಿವೆ.

ಸಹಿಯಾದ ಮೇಲೆ ಎಲ್ಲಿಗೆ ಕತ್ತರಿಸುವುದು ಎಂಬುದೇ ಕೊನೆಗೆ ಉಳಿದ ಪ್ರಶ್ನೆ. ನಿರ್ದೇಶಕರು ತಮ್ಮನ ಮುಖ ಎಂದರು, ನಾನು ಮತ್ತೆ ಮೊದಲಿನ ವೈಡ್‌ಗೆ ಹೋದೆ. ಅದೇ ಕೋನ, ಅದೇ ಮೇಜು, ಅಣ್ಣ ಪತ್ರ ಮಡಚಿಕೊಳ್ಳುತ್ತಿದ್ದಾನೆ, ತಮ್ಮ ಕುಳಿತೇ ಇದ್ದಾನೆ. ಹಿಂದಿನ ಬಾಗಿಲ ಚೌಕಟ್ಟಿನಲ್ಲಿ ಈಗ ತಾಯಿ ಇಲ್ಲ. ಅವಳು ಯಾವಾಗ ಹೋದಳೆಂದು ನಾವು ತೋರಿಸಿಲ್ಲ. ಮೊನ್ನೆ ಹತ್ತು ಮಂದಿಗೆ ತೋರಿಸಿದಾಗ ಅದನ್ನು ಏಳು ಜನ ತಾವಾಗಿಯೇ ಗಮನಿಸಿದರು. ಉಳಿದ ಮೂವರಿಗಾಗಿ ಖಾಲಿ ಬಾಗಿಲಿನದೊಂದು ಕ್ಲೋಸ್ ಹಾಕೋಣ ಎಂದು ನಿರ್ದೇಶಕರು ನಿನ್ನೆ ರಾತ್ರಿ ಫೋನ್ ಮಾಡಿದ್ದರು. ನಾನಿನ್ನೂ ಒಪ್ಪಿಲ್ಲ.